ಕೆಲಸ ಬಿಟ್ಟವನ ಕೊನೆಯ ಲೆಕ್ಕ: ಎರಡು ಅಳತೆಗೋಲು ಬೇಡ

ಸಣ್ಣ ಉದ್ಯಮಗಳಲ್ಲಿ ನೌಕರನೊಬ್ಬ ರಾಜೀನಾಮೆ ಕೊಟ್ಟು ಹೊರಟಾಗ ಆಗುವ ಜಗಳ ಬಹುಮಟ್ಟಿಗೆ ಹಣ ಕೊಡಬೇಕೆ ಬೇಡವೆ ಎಂಬುದರ ಬಗ್ಗೆ ಇರುವುದಿಲ್ಲ. ಕೊಡಬೇಕೆಂದು ಮಾಲೀಕರೂ ಒಪ್ಪುತ್ತಾರೆ, ನೋಟಿಸ್ ಅವಧಿ ಪೂರೈಸದಿದ್ದುದಕ್ಕೆ ಒಂದಿಷ್ಟು ತೆರಬೇಕೆಂದು ನೌಕರನೂ ಒಪ್ಪುತ್ತಾನೆ. ಜಗಳ ಹುಟ್ಟುವುದು ಎಷ್ಟು ಎಂಬಲ್ಲಿ. ನೇಮಕಾತಿ ಪತ್ರದಲ್ಲಿ ಬರೆಯದೆ ಬಿಟ್ಟ ಒಂದು ಸಾಲಿನಿಂದ ಈ 'ಎಷ್ಟು' ಎಂಬುದು ದುಪ್ಪಟ್ಟಿಗಿಂತಲೂ ಹೆಚ್ಚಾಗಬಲ್ಲದು ಎಂಬುದನ್ನು ಒಂದು ಲೆಕ್ಕದ ಮೂಲಕವೇ ನೋಡುವುದು ಲೇಸು.

ಯಂತ್ರಭಾಗಗಳನ್ನು ತಯಾರಿಸುವ, ಮೂವತ್ತು ಜನ ದುಡಿಯುವ ಒಂದು ಘಟಕವನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ಅಲ್ಲಿನ ಉಗ್ರಾಣದ ಮೇಲ್ವಿಚಾರಕನ ತಿಂಗಳ ಒಟ್ಟು ಸಂಬಳ 36,000 ರೂಪಾಯಿ. ಇದರಲ್ಲಿ ಮೂಲವೇತನ 18,000, ಮನೆ ಬಾಡಿಗೆ ಭತ್ಯೆ 9,000, ವಿಶೇಷ ಭತ್ಯೆ 6,000, ಪ್ರಯಾಣ ಭತ್ಯೆ 3,000. ಸೇವೆ 6 ವರ್ಷ 8 ತಿಂಗಳು. ನೇಮಕಾತಿ ಪತ್ರದಲ್ಲಿರುವುದು ಇಷ್ಟೇ: 'ನೌಕರನು 60 ದಿನಗಳ ನೋಟಿಸ್ ನೀಡತಕ್ಕದ್ದು, ತಪ್ಪಿದಲ್ಲಿ ಅದಕ್ಕೆ ಸಮನಾದ ವೇತನವನ್ನು ತೆರತಕ್ಕದ್ದು'. ಆತ ಮಾರ್ಚ್ 2ರಂದು ರಾಜೀನಾಮೆ ಕೊಟ್ಟು, ಹೊಸ ಕೆಲಸಕ್ಕೆ ಬೇಗ ಹಾಜರಾಗಬೇಕಾದುದರಿಂದ ಮಾರ್ಚ್ 31ರ ಸಂಜೆ ಬಿಡುಗಡೆ ಕೇಳುತ್ತಾನೆ. ಉಳಿದ ದಿನಗಳಿಗೆ ಹಣ ಕಟ್ಟಲು ಸಿದ್ಧನೆಂದೂ ಬರೆದು ಕೊಡುತ್ತಾನೆ. ಮಾಲೀಕರು ಒಪ್ಪುತ್ತಾರೆ. ಆತನ ಖಾತೆಯಲ್ಲಿ 18 ದಿನಗಳ ಗಳಿಕೆ ರಜೆ ಉಳಿದಿದೆ.

ಲೆಕ್ಕಪತ್ರ ವಿಭಾಗದವರು ತಯಾರಿಸಿದ ಚುಕ್ತಾ ಹಾಳೆ ಹೀಗಿದೆ ಎಂದುಕೊಳ್ಳೋಣ. ಮಾರ್ಚ್ ಸಂಬಳದಲ್ಲಿ ಭವಿಷ್ಯನಿಧಿಯ 1,800 ಮತ್ತು ವೃತ್ತಿ ತೆರಿಗೆಯ 200 ಕಳೆದು 34,000. ರಜೆಯ ನಗದೀಕರಣ 10,800. ಗ್ರಾಚ್ಯುಟಿ 62,308. ಇವುಗಳ ಮೊತ್ತದಿಂದ ನೋಟಿಸ್ ಕೊರತೆಯ ಬಾಬ್ತು 42,923 ಕಳೆದು, ಕೊಡಬೇಕಾದುದು 64,185 ರೂಪಾಯಿ. ಕೂಡುವ ಕಳೆಯುವ ಲೆಕ್ಕದಲ್ಲಿ ಒಂದು ರೂಪಾಯಿಯೂ ತಪ್ಪಿಲ್ಲ. ಆದರೂ ಹಾಳೆಯ ನಾಲ್ಕು ಬಾಬ್ತುಗಳಲ್ಲಿ ಮೂರು ತಪ್ಪು, ಮತ್ತು ಮೂರೂ ಒಂದೇ ಕಡೆಗೆ ವಾಲಿವೆ.

ಮೊದಲು ದಿನಗಳ ಎಣಿಕೆ. ರಾಜೀನಾಮೆ ಕೊಟ್ಟ ದಿನವನ್ನು ಬಿಟ್ಟು ಮರುದಿನದಿಂದ ಎಣಿಸುವುದು ವಾಡಿಕೆ. ಅದರಂತೆ ಮಾರ್ಚ್ 3ರಿಂದ 31ರವರೆಗೆ 29 ದಿನಗಳು ಸಂದಿವೆ, 60ನೆಯ ದಿನ ಮೇ 1ಕ್ಕೆ ಬೀಳುತ್ತದೆ, ಕೊರತೆ 31 ದಿನ. ಕೊಟ್ಟ ದಿನವನ್ನೂ ಸೇರಿಸಿದರೆ ಕೊರತೆ 30 ದಿನವಾಗುತ್ತದೆ. ಒಂದು ದಿನದ ಈ ವ್ಯತ್ಯಾಸಕ್ಕಾಗಿ ಮಾತು ಬೆಳೆದು ಆರು ವರ್ಷದ ಸೌಹಾರ್ದ ಕೆಡುವುದುಂಟು. ರಾಜೀನಾಮೆ ಅಂಗೀಕರಿಸುವ ಪತ್ರದಲ್ಲಿಯೇ 'ನೋಟಿಸ್ ಅವಧಿ ಇಂತಹ ದಿನ ಮುಗಿಯುತ್ತದೆ, ಬಿಡುಗಡೆ ಇಂತಹ ದಿನ, ಕೊರತೆ ಇಷ್ಟು ದಿನ' ಎಂದು ಮೂರು ದಿನಾಂಕಗಳನ್ನು ನಮೂದಿಸಿದರೆ ಈ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ. ಇಲ್ಲಿ 31 ದಿನವೆಂದೇ ಇಟ್ಟುಕೊಳ್ಳಲಾಗಿದೆ.

ನಿಜವಾದ ಕಗ್ಗಂಟು ದಿನದ ದರದಲ್ಲಿದೆ. 'ಸಮನಾದ ವೇತನ' ಎಂದರೆ ಯಾವ ವೇತನ? ಮೂಲವೇತನವನ್ನು ಹಿಡಿದು 30ರಿಂದ ಭಾಗಿಸಿದರೆ ದಿನಕ್ಕೆ 600, ಮೂವತ್ತೊಂದು ದಿನಕ್ಕೆ 18,600. ಒಟ್ಟು ಸಂಬಳವನ್ನು 30ರಿಂದ ಭಾಗಿಸಿದರೆ ದಿನಕ್ಕೆ 1,200, ಒಟ್ಟು 37,200. ಒಟ್ಟು ಸಂಬಳವನ್ನೇ 26ರಿಂದ ಭಾಗಿಸಿದರೆ 42,923. ಘಟಕದ ಹಾಳೆಯಲ್ಲಿ ಹಿಡಿದಿರುವುದು ಈ ಕೊನೆಯ ದಾರಿಯನ್ನು. ಒಂದೇ ವಾಕ್ಯ, ಮೂರು ಉತ್ತರ. ಮೊದಲಿನದಕ್ಕೂ ಕೊನೆಯದಕ್ಕೂ 24,323 ರೂಪಾಯಿ ಅಂತರ.

ಈ ಪೈಕಿ 26ರ ಲೆಕ್ಕ ಮಾತ್ರ ಅಭಿಪ್ರಾಯಭೇದವಲ್ಲ, ನೇರವಾದ ತಪ್ಪು. 26 ಎಂಬ ಭಾಜಕ ಬಂದದ್ದು ತಿಂಗಳಿನಿಂದ ವಾರದ ರಜೆಗಳನ್ನು ಕಳೆದಾಗ ಉಳಿಯುವ ಕೆಲಸದ ದಿನಗಳಿಂದ. ಹಾಗೆ ಭಾಗಿಸಿದ ಮೇಲೆ ಗುಣಿಸುವಾಗಲೂ ಭಾನುವಾರಗಳನ್ನು ಬಿಡಲೇಬೇಕು. ಏಪ್ರಿಲ್ 1ರಿಂದ ಮೇ 1ರ ನಡುವೆ ನಾಲ್ಕು ಭಾನುವಾರಗಳಿದ್ದರೆ ಉಳಿಯುವುದು 27 ದಿನ, ಆಗ ಬರುವ ಮೊತ್ತ 37,385. ಮೂವತ್ತರಿಂದ ಭಾಗಿಸಿ ಎಲ್ಲ ದಿನಗಳನ್ನೂ ಎಣಿಸಿದಾಗ ಬಂದ 37,200ಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಅಂದರೆ ಎರಡು ಪದ್ಧತಿಗಳೂ ತಮ್ಮಷ್ಟಕ್ಕೆ ಸರಿ; ಭಾಗಿಸುವುದಕ್ಕೆ ಒಂದನ್ನೂ ಗುಣಿಸುವುದಕ್ಕೆ ಇನ್ನೊಂದನ್ನೂ ಹಿಡಿದರೆ ಮಾತ್ರ ಐದು ಸಾವಿರಕ್ಕೂ ಮೀರಿದ ಹೆಚ್ಚುವರಿ ಮೊತ್ತ ಎಲ್ಲಿಂದಲೋ ಹುಟ್ಟಿಕೊಳ್ಳುತ್ತದೆ. ಗ್ರಾಚ್ಯುಟಿಯ ಸೂತ್ರದಲ್ಲಿ 26 ಇರುವುದನ್ನು ನೋಡಿ ಗುಮಾಸ್ತರು ಅದನ್ನು ನೋಟಿಸ್ ಲೆಕ್ಕಕ್ಕೂ ಎಳೆದು ತರುವುದು ಸಾಮಾನ್ಯವಾಗಿ ಆಗುವ ಪ್ರಮಾದ.

ಇನ್ನು ಮೂಲವೇತನವೋ ಒಟ್ಟು ಸಂಬಳವೋ ಎಂಬ ಪ್ರಶ್ನೆ. ನೇಮಕಾತಿ ಪತ್ರದಲ್ಲಿ ಸ್ಪಷ್ಟವಾಗಿದ್ದರೆ ಅದೇ ಪ್ರಮಾಣ. ಸ್ಪಷ್ಟವಿಲ್ಲದಿದ್ದರೆ, ಅಸ್ಪಷ್ಟ ವಾಕ್ಯದ ಲಾಭ ಅದನ್ನು ಬರೆದವರಿಗೆ ಸಲ್ಲದು ಎಂಬುದು ಕರಾರುಗಳ ವಿಚಾರದಲ್ಲಿ ಹಳೆಯ ನ್ಯಾಯ. ಮಾಲೀಕರು ತಾವೇ ಬರೆಸಿದ ಪತ್ರದಲ್ಲಿ ತಮಗೆ ಅನುಕೂಲವಾದ ಅರ್ಥವನ್ನು ಕೊನೆಯ ದಿನ ಹುಡುಕುವುದು ತರವಲ್ಲ. ಮೇಲಾಗಿ 1872ರ ಭಾರತೀಯ ಕರಾರು ಅಧಿನಿಯಮದ 74ನೆಯ ಪ್ರಕರಣದ ಪ್ರಕಾರ, ಕರಾರು ಮುರಿದುದಕ್ಕೆ ಮೊತ್ತ ಗೊತ್ತುಪಡಿಸಿದ್ದರೂ ದೊರೆಯುವುದು ಆ ಮೊತ್ತವನ್ನು ಮೀರದ ನ್ಯಾಯಸಮ್ಮತ ಪರಿಹಾರ ಮಾತ್ರ. ನೋಟಿಸ್ ಹಣ ದಂಡವಲ್ಲ.

ವೇತನ ಎಂಬ ಪದಕ್ಕೆ ಈಗ ಕಾನೂನೇ ಒಂದು ಅರ್ಥ ಕೊಟ್ಟಿದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ವೇತನವೆಂದರೆ ಎಲ್ಲ ಸಂದಾಯಗಳೂ ಸೇರಿ, ಅದರಿಂದ ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ, ಅಧಿಕಾವಧಿ ಭತ್ಯೆ, ಕಮಿಷನ್, ಬೋನಸ್ ಮುಂತಾದ ಹೆಸರಿಸಿದ ಬಾಬ್ತುಗಳನ್ನು ಮಾತ್ರ ಬಿಡಲಾಗಿದೆ. ಹಾಗೆ ಬಿಟ್ಟವುಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮೀರಿದ ಭಾಗ ಮರಳಿ ವೇತನಕ್ಕೆ ಸೇರುತ್ತದೆ. ಬಿಡುವ ಪಟ್ಟಿಯಲ್ಲಿ 'ವಿಶೇಷ ಭತ್ಯೆ' ಎಂಬ ಹೆಸರೇ ಇಲ್ಲ. ಆದ್ದರಿಂದ ಈ ಮೇಲ್ವಿಚಾರಕನ ವೇತನ 18,000 ಅಲ್ಲ, ವಿಶೇಷ ಭತ್ಯೆ ಸೇರಿ 24,000. ಬಿಟ್ಟ ಎರಡು ಭತ್ಯೆಗಳು ಕೂಡಿ 12,000. ಅದು ಒಟ್ಟು ಸಂಬಳದ ಅರ್ಧಕ್ಕಿಂತ ಕಡಿಮೆಯಾದುದರಿಂದ ಮರಳಿ ಸೇರಿಸುವ ಪ್ರಶ್ನೆ ಬರುವುದಿಲ್ಲ. ಪತ್ರದಲ್ಲಿ ಅರ್ಥ ಹೇಳದಿರುವಾಗ ನೋಟಿಸ್ ಕೊರತೆಗೂ ಈ 24,000ವನ್ನೇ ಹಿಡಿಯುವುದು ಮಧ್ಯಮ ಮಾರ್ಗ, ಸಮರ್ಥಿಸಿಕೊಳ್ಳಲೂ ಸುಲಭ. ದಿನಕ್ಕೆ 800, ಮೂವತ್ತೊಂದು ದಿನಕ್ಕೆ 24,800 ರೂಪಾಯಿ.

ಈಗ ಘಟಕದ ಹಾಳೆಯಲ್ಲಿನ ರಜೆಯ ಬಾಬ್ತನ್ನು ನೋಡಬೇಕು. 18 ದಿನಕ್ಕೆ 10,800 ಬಂದದ್ದು ದಿನಕ್ಕೆ 600ರಂತೆ, ಅಂದರೆ ಮೂಲವೇತನವನ್ನು 30ರಿಂದ ಭಾಗಿಸಿ. ನೌಕರನಿಂದ ಬರಬೇಕಾದ ದಿನದ ಬೆಲೆ 1,385 ರೂಪಾಯಿ, ಅದೇ ನೌಕರನಿಗೆ ಕೊಡಬೇಕಾದ ದಿನದ ಬೆಲೆ 600! ಕೊಳ್ಳುವಾಗ ಒಂದು ತೂಕದ ಕಲ್ಲು, ಮಾರುವಾಗ ಇನ್ನೊಂದು ಇಟ್ಟುಕೊಂಡ ಅಂಗಡಿಯನ್ನು ಪೇಟೆಯಲ್ಲಿ ಯಾರೂ ಮನ್ನಿಸುವುದಿಲ್ಲ. ಕಾರ್ಮಿಕ ಅಧಿಕಾರಿಯ ಮುಂದೆ ಹೋದಾಗ ಮಾಲೀಕರ ಪಕ್ಷ ಸೋಲುವುದು ಹೆಚ್ಚಾಗಿ ಇಂತಹ ಹಾಳೆಗಳಿಂದಲೇ, ಏಕೆಂದರೆ ತಪ್ಪು ಕೈತಪ್ಪಿನದಲ್ಲ ಎಂಬುದನ್ನು ಹಾಳೆಯೇ ಸಾರುತ್ತದೆ. ಎರಡಕ್ಕೂ ಒಂದೇ ದರ ಹಿಡಿದರೆ ರಜೆಯ ಬಾಬ್ತು 14,400 ಆಗುತ್ತದೆ. ಉಳಿದ ರಜೆಯನ್ನು ನೋಟಿಸ್ ಕೊರತೆಗೆ ವಜಾ ಹಾಕಿಕೊಳ್ಳಲು ಇಬ್ಬರೂ ಒಪ್ಪಿದರೆ ಹದಿನೆಂಟು ದಿನಗಳು ಅಲ್ಲಿಗೇ ಚುಕ್ತಾ ಆಗಿ, ಹಣ ತೆರಬೇಕಾದದ್ದು ಹದಿಮೂರೇ ದಿನಕ್ಕೆ. ದರ ಒಂದೇ ಆಗಿದ್ದಾಗ ಇದರಿಂದ ಯಾರಿಗೂ ನಷ್ಟವಿಲ್ಲ.

ಇಲ್ಲಿಯೇ ಇನ್ನೊಂದು ಮಾತು. ರಾಜೀನಾಮೆ ಕೈಗೆ ಬಂದೊಡನೆ 'ನಾಳೆಯಿಂದ ಬರುವುದು ಬೇಡ' ಎಂದು ಕೋಪದಿಂದ ಹೇಳಿ, ಕೊನೆಗೆ ಕೊರತೆಯ ಹಣವನ್ನೂ ಮುರಿದುಕೊಳ್ಳುವ ಮಾಲೀಕರಿದ್ದಾರೆ. ನೌಕರ ನೋಟಿಸ್ ಅವಧಿ ದುಡಿಯಲು ಸಿದ್ಧನಿದ್ದು, ಬೇಡವೆಂದವರು ಮಾಲೀಕರೇ ಆದರೆ, ಆ ಅವಧಿಯ ಕೊರತೆ ನೌಕರನದಲ್ಲ. ಮುರಿದುಕೊಳ್ಳುವುದಿರಲಿ, ಆ ದಿನಗಳ ಸಂಬಳವನ್ನು ಕೊಡಬೇಕೆಂಬ ವಾದವೇ ಅಲ್ಲಿ ಬಲವಾದದ್ದು.

ಗ್ರಾಚ್ಯುಟಿಯ ಬಾಬ್ತಿನಲ್ಲಿ ಎರಡು ತಪ್ಪುಗಳು ಒಂದರ ಮೇಲೊಂದು ಕುಳಿತಿವೆ. ಹಾಳೆಯಲ್ಲಿ 18,000ವನ್ನು 26ರಿಂದ ಭಾಗಿಸಿ, 15 ದಿನ ಮತ್ತು 6 ವರ್ಷಗಳಿಂದ ಗುಣಿಸಲಾಗಿದೆ. ಆದರೆ ಐದು ವರ್ಷಗಳ ಅರ್ಹತೆ ಮುಗಿದವನಿಗೆ ಆರು ತಿಂಗಳಿಗೆ ಮೀರಿದ ಭಾಗವನ್ನು ಪೂರ್ಣ ವರ್ಷವೆಂದೇ ಎಣಿಸಬೇಕು. 6 ವರ್ಷ 8 ತಿಂಗಳು ಎಂದರೆ 7 ವರ್ಷ. ವೇತನವೂ ಹೊಸ ಅರ್ಥದಂತೆ 24,000. ಆಗ ಬರುವ ಮೊತ್ತ 96,923 ರೂಪಾಯಿ. ಹಾಳೆಯಲ್ಲಿದ್ದುದಕ್ಕಿಂತ 34,615 ಹೆಚ್ಚು. ಭತ್ಯೆಗಳನ್ನು ಬೇರೆ ಬೇರೆ ಹೆಸರಿನಲ್ಲಿ ಒಡೆದು ಮೂಲವೇತನವನ್ನು ಕಡಿಮೆ ತೋರಿಸುವ ಹಳೆಯ ಜಾಣತನ ಇನ್ನು ನಡೆಯದು ಎಂಬುದನ್ನು ಹತ್ತಕ್ಕೂ ಹೆಚ್ಚು ಜನರಿರುವ ಪ್ರತಿಯೊಂದು ಘಟಕವೂ ತನ್ನ ವರ್ಷಾಂತ್ಯದ ಹೊಣೆಗಾರಿಕೆಯ ಅಂದಾಜಿನಲ್ಲಿಯೇ ಗಮನಿಸಬೇಕು. ನೌಕರ ಹೊರಡುವ ದಿನ ಗೊತ್ತಾದರೆ ತಡವಾಯಿತು.

ಇದಕ್ಕಿಂತ ದೊಡ್ಡ ದೋಷ ಹಾಳೆಯ ಜೋಡಣೆಯಲ್ಲಿಯೇ ಇದೆ. ಸಂಬಳ, ರಜೆ, ಗ್ರಾಚ್ಯುಟಿ ಎಲ್ಲವನ್ನೂ ಕೂಡಿಸಿ ಒಂದು ಗುಡ್ಡೆ ಮಾಡಿ ಅದರಿಂದ ನೋಟಿಸ್ ಹಣ ಕಳೆಯಲಾಗಿದೆ. ಗ್ರಾಚ್ಯುಟಿ ಹಾಗೆ ಗುಡ್ಡೆಗೆ ಸೇರುವ ಹಣವಲ್ಲ. ಅದನ್ನು ಮುಟ್ಟುಗೋಲು ಹಾಕಬಹುದಾದ ಸಂದರ್ಭಗಳನ್ನು ಕಾನೂನೇ ಹೇಳಿದೆ: ನೌಕರನು ಉದ್ದೇಶಪೂರ್ವಕವಾಗಿ ಅಥವಾ ನಿರ್ಲಕ್ಷ್ಯದಿಂದ ಸ್ವತ್ತಿಗೆ ಹಾನಿ ಮಾಡಿದ್ದಕ್ಕಾಗಿ, ಇಲ್ಲವೆ ದೊಂಬಿ, ಹಿಂಸೆ, ನೈತಿಕ ಅಧಃಪತನದ ಅಪರಾಧಗಳಿಗಾಗಿ ಸೇವೆಯಿಂದ ತೆಗೆದಾಗ ಮಾತ್ರ. ನೋಟಿಸ್ ಕೊಡದೆ ಹೋದದ್ದು ಈ ಯಾವುದರಲ್ಲೂ ಬರುವುದಿಲ್ಲ. ಭವಿಷ್ಯನಿಧಿಯ ಮಾತಂತೂ ಹೇಳಬೇಕಾಗಿಲ್ಲ. ಅದು ಮಾಲೀಕರ ಕೈಯಲ್ಲಿರುವ ಹಣವೇ ಅಲ್ಲ. ನೋಟಿಸ್ ಬಾಕಿ ತೀರುವವರೆಗೆ ಆತ ಕೆಲಸ ಬಿಟ್ಟ ದಿನಾಂಕವನ್ನು ಭವಿಷ್ಯನಿಧಿಯ ದಾಖಲೆಯಲ್ಲಿ ನಮೂದಿಸದೆ ಸತಾಯಿಸುವುದು ಕಾನೂನಿಗೂ ಸಭ್ಯತೆಗೂ ಸಲ್ಲದ ಉಪಾಯ.

ಹಾಗಾದರೆ ನೋಟಿಸ್ ಹಣವನ್ನು ಯಾವುದರಿಂದ ಹಿಡಿಯಬಹುದು? ಸಂಬಳದಿಂದ ಎಂದೊಡನೆ ವೇತನ ಸಂಹಿತೆಯ ಕಟ್ಟುಪಾಡು ಎದುರಾಗುತ್ತದೆ. ಸಂಬಳದಿಂದ ಮುರಿಯಬಹುದಾದ ಬಾಬ್ತುಗಳ ಪಟ್ಟಿಯಲ್ಲಿ ಒಬ್ಬಂಟಿ ನೌಕರನ ನೋಟಿಸ್ ಕೊರತೆಯನ್ನು ಹೆಸರಿಸಿ ಹೇಳಿಲ್ಲ. ಹತ್ತು ಅಥವಾ ಹೆಚ್ಚು ಜನ ಒಟ್ಟುಗೂಡಿ ನೋಟಿಸ್ ಕೊಡದೆ ಗೈರಾದಾಗ ಎಂಟು ದಿನದ ವೇತನ ಮೀರದಂತೆ ಹಿಡಿಯಲು ಮಾತ್ರ ಪ್ರತ್ಯೇಕ ಅವಕಾಶವಿದೆ. ಆದ್ದರಿಂದ ಒಬ್ಬನ ಬಾಬ್ತಿನಲ್ಲಿ ಮಾಲೀಕರಿಗಿರುವ ಆಸರೆ ನೇಮಕಾತಿ ಪತ್ರದ ಷರತ್ತು ಮತ್ತು ಹೊರಡುವಾಗ ನೌಕರ ಕೊಟ್ಟ ಲಿಖಿತ ಒಪ್ಪಿಗೆ. ಇವೆರಡೂ ಇಲ್ಲದೆ ಏಕಪಕ್ಷೀಯವಾಗಿ ಮುರಿದುಕೊಂಡ ಹಣ ವ್ಯಾಜ್ಯಕ್ಕೆ ಆಹ್ವಾನ. ಒಪ್ಪಿಗೆ ಇದ್ದಾಗಲೂ ಒಂದು ವೇತನಾವಧಿಯ ಒಟ್ಟು ಕಡಿತಗಳು ವೇತನದ ಅರ್ಧವನ್ನು ಮೀರದಂತೆ ನೋಡಿಕೊಳ್ಳುವುದು ಕ್ಷೇಮ. ಸಂಬಳ ಪಾವತಿಯ ಉದ್ದೇಶಕ್ಕೆ ಮನೆ ಬಾಡಿಗೆ ಮತ್ತು ಪ್ರಯಾಣ ಭತ್ಯೆಗಳೂ ವೇತನಕ್ಕೆ ಸೇರುವುದರಿಂದ ಇಲ್ಲಿ ಅರ್ಧವೆಂದರೆ 18,000. ಭವಿಷ್ಯನಿಧಿ, ವೃತ್ತಿ ತೆರಿಗೆಗಳ 2,000 ಆಗಲೇ ಹೋಗಿದೆ. ಉಳಿದ ಅವಕಾಶ 16,000.

ಇನ್ನು ತಿದ್ದಿದ ಹಾಳೆ. ನೋಟಿಸ್ ಕೊರತೆ 24,800. ಅದಕ್ಕೆ ರಜೆಯ 14,400 ವಜಾ ಹಾಕಿದರೆ ಉಳಿಯುವುದು 10,400. ಇದು 16,000ದ ಒಳಗೇ ಇದೆ. ಮಾರ್ಚ್ ಸಂಬಳದ 34,000ದಿಂದ ಇದನ್ನು ಕಳೆದರೆ ಕೈಗೆ 23,600. ಗ್ರಾಚ್ಯುಟಿ 96,923 ಬೇರೆಯಾಗಿ, ಇಡಿಯಾಗಿ. ಒಟ್ಟು 1,20,523 ರೂಪಾಯಿ. ಮೊದಲಿನ ಹಾಳೆಗೂ ಇದಕ್ಕೂ ಅಂತರ 56,338. ನೌಕರನ ಒಂದೂವರೆ ತಿಂಗಳ ಸಂಬಳಕ್ಕೂ ಮೀರಿದ ಹಣ ಅದು, ಮತ್ತು ಲೆಕ್ಕ ಬರೆದವರು ಒಂದು ರೂಪಾಯಿಯನ್ನೂ ಕದ್ದಿಲ್ಲ ಎಂದು ಪ್ರಾಮಾಣಿಕವಾಗಿಯೇ ನಂಬಿರುತ್ತಾರೆ.

ಹಣ ಸಲ್ಲಿಸುವ ಗಡುವಿನಲ್ಲಿ ದೊಡ್ಡ ಬದಲಾವಣೆಯಾಗಿದೆ, ಇನ್ನೂ ಅನೇಕರ ಗಮನಕ್ಕೆ ಬಂದಂತಿಲ್ಲ. ಹಿಂದಿನ 1936ರ ವೇತನ ಪಾವತಿ ಅಧಿನಿಯಮದಲ್ಲಿ ಎರಡು ಕೆಲಸದ ದಿನಗಳ ಗಡುವು ಇದ್ದದ್ದು ಮಾಲೀಕರು ತಾವಾಗಿ ಕೆಲಸದಿಂದ ತೆಗೆದಾಗ. ಅದೂ ನಿಗದಿತ ಮಿತಿಯೊಳಗಿನ ಸಂಬಳದವರಿಗೆ. ವೇತನ ಸಂಹಿತೆಯ 17ನೆಯ ಪ್ರಕರಣದಲ್ಲಿ ರಾಜೀನಾಮೆ ಕೊಟ್ಟವರನ್ನೂ ಸೇರಿಸಲಾಗಿದೆ, ಸಂಬಳದ ಮಿತಿಯೂ ಇಲ್ಲ, ಮೇಲ್ವಿಚಾರಕ ವ್ಯವಸ್ಥಾಪಕರೂ ಅದರೊಳಗೇ ಬರುತ್ತಾರೆ. 'ನಲವತ್ತೈದು ದಿನದ ಮೇಲೆ ಬನ್ನಿ' ಎಂಬ ಕಚೇರಿ ಪದ್ಧತಿಗೆ ಸಂಬಳದ ಮಟ್ಟಿಗೆ ಇನ್ನು ಆಧಾರವಿಲ್ಲ. ಗ್ರಾಚ್ಯುಟಿಗೆ ಮಾತ್ರ 30 ದಿನಗಳ ಕಾಲಾವಕಾಶವಿದೆ, ಮೀರಿದರೆ ಬಡ್ಡಿ ಸೇರುತ್ತದೆ. ಬೋನಸ್‌ಗೆ ಅರ್ಹನಾದ ನೌಕರನು ಆ ಲೆಕ್ಕದ ವರ್ಷದಲ್ಲಿ ಮೂವತ್ತು ದಿನ ದುಡಿದಿದ್ದರೆ ಅವನ ಪಾಲು ಉಳಿದವರಿಗೆ ಕೊಡುವಾಗ ಸಲ್ಲಬೇಕು. ವೇತನದ ಬಾಕಿಗಾಗಿ ದೂರು ಸಲ್ಲಿಸಲು ನೌಕರನಿಗೆ ಮೂರು ವರ್ಷಗಳ ಕಾಲವಿದೆ. ಬಾಕಿಯೊಂದಿಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ವಿಧಿಸುವ ಅಧಿಕಾರ ಪ್ರಾಧಿಕಾರಕ್ಕಿದೆ. ಹಣ ಕೊಟ್ಟಿದ್ದೇವೆಂದು ಸಾಬೀತುಪಡಿಸುವ ಹೊಣೆ ಮಾಲೀಕರದು.

ಎರಡು ದಿನದಲ್ಲಿ ಹೇಗೆ ಸಾಧ್ಯ, ಉಗ್ರಾಣದ ದಾಸ್ತಾನು ಒಪ್ಪಿಸಿಕೊಳ್ಳುವುದಕ್ಕೇ ವಾರ ಬೇಕು ಎಂಬ ಮಾಲೀಕರ ಗೋಳಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಒಪ್ಪಿಸಿಕೊಳ್ಳುವ ಕೆಲಸವನ್ನು ಕೊನೆಯ ದಿನದ ನಂತರ ಆರಂಭಿಸಬೇಕೆಂದು ಯಾರೂ ಹೇಳಿಲ್ಲ. ಮಾರ್ಚ್ 2ರಂದೇ ರಾಜೀನಾಮೆ ಕೈಗೆ ಬಂದಿದೆ. ದಾಸ್ತಾನು ಎಣಿಕೆ, ಮುಂಗಡದ ಬಾಕಿ, ಉಪಕರಣ ಮತ್ತು ಕೀಲಿಗಳ ವಾಪಸಾತಿ ಇವೆಲ್ಲ ಆ ಇಪ್ಪತ್ತೊಂಬತ್ತು ದಿನಗಳ ಕೆಲಸ. ನೋಟಿಸ್ ಅವಧಿ ಇರುವುದೇ ಅದಕ್ಕೆ.

ಈ ದೃಷ್ಟಿಯಿಂದ, ಅರುವತ್ತು ತೊಂಬತ್ತು ದಿನಗಳ ನೋಟಿಸ್ ಷರತ್ತು ಸಣ್ಣ ಘಟಕಗಳಿಗೆ ಬೇಕೇ ಎಂಬುದನ್ನೇ ಪುನರಾಲೋಚಿಸಬೇಕಾಗಿದೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ನೇಮಕಾತಿ ಪತ್ರದ ನಕಲು ಯಾರದೋ ಮೂಲಕ ಕೈಗೆ ಬಂದು, ಹೆಸರು ಬದಲಾಯಿಸಿ ಟರ್ನರ್‌ಗೂ ಪ್ಯಾಕಿಂಗ್ ಸಹಾಯಕನಿಗೂ ಅದನ್ನೇ ಕೊಟ್ಟಿರುವ ಘಟಕಗಳು ಕಡಿಮೆಯಿಲ್ಲ. ಹೊಸ ಮಾಲೀಕರು ನೋಟಿಸ್ ಹಣ ಕಟ್ಟಿಕೊಡುವ ವಾಡಿಕೆ ದೊಡ್ಡ ಕಂಪನಿಗಳಲ್ಲಿ ಉಂಟು. ಅಲ್ಲಿಯೂ ಆ ಹಣ ನೌಕರನ ತೆರಿಗೆಗೆ ಒಳಪಡುವ ಆದಾಯವೇ. ಹದಿನೈದು ಸಾವಿರದ ಸಹಾಯಕನಿಗೆ ಅಂತಹ ಹೊಸ ಮಾಲೀಕರು ಸಿಗುವುದಿಲ್ಲ. ಆತ ಪತ್ರವನ್ನೇ ಕೊಡದೆ ಒಂದು ಸೋಮವಾರ ಬರುವುದನ್ನು ನಿಲ್ಲಿಸುತ್ತಾನೆ. ಸ್ವಂತ ದುಡಿಮೆಯ ಕರಾರನ್ನು ಬಲವಂತದಿಂದ ಪಾಲಿಸುವಂತೆ ಯಾವ ನ್ಯಾಯಾಲಯವೂ ಆದೇಶಿಸದು. ಮೂವತ್ತು ದಿನದ ಷರತ್ತು ಹಾಕಿ ಅದನ್ನು ಪಾಲಿಸಿಕೊಳ್ಳುವುದು, ತೊಂಬತ್ತು ದಿನ ಹಾಕಿ ಮೂರೇ ದಿನ ಪಡೆಯುವುದಕ್ಕಿಂತ ಎಷ್ಟೋ ಮೇಲು. ಉಗ್ರಾಣ, ಖರೀದಿ, ಲೆಕ್ಕಪತ್ರದಂತಹ ಹೊಣೆಯ ಸ್ಥಾನಗಳಿಗೆ ಮಾತ್ರ ಅರುವತ್ತು ದಿನ ಇರಲಿ.

ಪತ್ರಕ್ಕೆ ಸೇರಿಸಬೇಕಾದ ಸಾಲು ದೊಡ್ಡದೇನಲ್ಲ: 'ನೋಟಿಸ್ ಅವಧಿಯಲ್ಲಿ ಕೊರತೆಯಾದ ಪ್ರತಿ ದಿನಕ್ಕೆ, ವೇತನ ಸಂಹಿತೆಯಲ್ಲಿ ಹೇಳಿದ ಅರ್ಥದ ಮಾಸಿಕ ವೇತನದ ಮೂವತ್ತನೆಯ ಒಂದು ಭಾಗವನ್ನು ಕೊರತೆ ಮಾಡಿದ ಪಕ್ಷವು ಇನ್ನೊಂದು ಪಕ್ಷಕ್ಕೆ ತೆರತಕ್ಕದ್ದು, ಉಳಿದ ಗಳಿಕೆ ರಜೆಯನ್ನು ಅದೇ ದರದಲ್ಲಿ ವಜಾ ಹಾಕಬಹುದು.' ಇದರಲ್ಲಿ 'ಕೊರತೆ ಮಾಡಿದ ಪಕ್ಷ' ಎಂಬುದು ಮುಖ್ಯ. ಮಾಲೀಕರು ತೆಗೆದರೂ ನೌಕರ ಬಿಟ್ಟರೂ ದರ ಒಂದೇ.

ನೋಟಿಸ್ ಹಣ ಪಡೆದಾಗ ಅದರ ಮೇಲೆ ಸರಕು ಮತ್ತು ಸೇವಾ ತೆರಿಗೆ ಕಟ್ಟಬೇಕೇ ಎಂಬ ಅಂಜಿಕೆ ಕೆಲವು ವರ್ಷ ಇತ್ತು, ಪರಿಶೋಧನೆಯಲ್ಲಿ ಆಕ್ಷೇಪಗಳೂ ಬಂದಿದ್ದವು. ಕೇಂದ್ರೀಯ ಪರೋಕ್ಷ ತೆರಿಗೆ ಮಂಡಲಿಯು 2022ರ ಆಗಸ್ಟ್ 3ರ ತನ್ನ 178ನೆಯ ಸುತ್ತೋಲೆಯಲ್ಲಿ, ಇದು ಯಾವುದೇ ಸೇವೆಗೆ ಪಡೆದ ಪ್ರತಿಫಲವಲ್ಲ, ತೆರಿಗೆ ಬೇಡ ಎಂದು ಸ್ಪಷ್ಟಪಡಿಸಿದೆ. ಆದರೂ ಪುಸ್ತಕದಲ್ಲಿ ಸಂಬಳದ ಖರ್ಚನ್ನು ಕಡಿಮೆ ಬರೆಯದೆ, ನೋಟಿಸ್ ಬಾಬ್ತನ್ನು ಪ್ರತ್ಯೇಕ ಸಾಲಿನಲ್ಲಿ ಜಮಾ ತೋರಿಸುವುದು ಒಳ್ಳೆಯದು. ಮುಂದೆ ಯಾರು ಕೇಳಿದರೂ ಉತ್ತರ ಒಂದೇ ಕಡೆ ಸಿಗುತ್ತದೆ.

ಕೊನೆಯದಾಗಿ ಆ ಪ್ರಸಿದ್ಧ ರಸೀದಿ: 'ನನ್ನ ಎಲ್ಲ ಬಾಕಿಗಳೂ ಸಂದಿವೆ, ಇನ್ನು ಯಾವ ಹಕ್ಕೂ ಇಲ್ಲ' ಎಂದು ಬರೆಸಿಕೊಂಡು ಸಹಿ ಹಾಕಿಸಿದರೆ ಎಲ್ಲವೂ ಮುಗಿಯಿತೆಂದು ಅನೇಕರ ನಂಬಿಕೆ. ಕಾನೂನು ಕೊಟ್ಟ ಗ್ರಾಚ್ಯುಟಿ, ವೇತನಗಳ ಹಕ್ಕು ಅಂತಹ ಸಹಿಯಿಂದ ಕರಗುವುದಿಲ್ಲ. ಮೊದಲಿನ 64,185ರ ಹಾಳೆಗೆ ಸಹಿ ಹಾಕಿಸಿಕೊಂಡಿದ್ದರೂ ಉಳಿದ ಗ್ರಾಚ್ಯುಟಿ ಕೇಳಲು ಆ ಮೇಲ್ವಿಚಾರಕನಿಗೆ ಅಡ್ಡಿಯಿರುತ್ತಿರಲಿಲ್ಲ. ಸಹಿಗಿಂತ ಬೆಲೆಯುಳ್ಳದ್ದು ರಸೀದಿಯ ಹಿಂದೆ ಲಗತ್ತಿಸುವ ಲೆಕ್ಕದ ಹಾಳೆ. ಅದರಲ್ಲಿ ಪ್ರತಿ ಬಾಬ್ತಿಗೂ ಹಿಡಿದ ವೇತನ, ಭಾಜಕ, ದಿನಗಳ ಸಂಖ್ಯೆ ಈ ಮೂರೂ ಕಾಣಬೇಕು. ಅದರ ಒಂದು ಪ್ರತಿ ನೌಕರನ ಕೈಯಲ್ಲಿಯೂ ಇರಬೇಕು.